ಗಿಣಿಗೇರಾ ದಾಟುವಷ್ಟರಲ್ಲಿ

ಬಳ್ಳಾರಿಯಿಂದ ಕೊಪ್ಪಳಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಹೊರಟಿದ್ದೆವು. ಅಕ್ಕನ ಮಗಳು ತೋರಣಗಲ್ಲಿನ ತನಕ ಮಂಡಕ್ಕಿ ತಿಂದಳು. ಆಮೇಲೆ ಪದಬಂಧದ ಪುಸ್ತಕ ತಂದು ನನ್ನ ತೊಡೆ ಮೇಲಿಟ್ಟಳು. "ಮಾಮಾ, ಇದೊಂದು ಬರವಲ್ದು ನೋಡು."

ಆರು ಅಕ್ಷರದ ಇಂಗ್ಲಿಷ್ ಪದ. ಅಡ್ಡ ಬಂದ ಪದಗಳಿಂದ ಎರಡು ಅಕ್ಷರ ಸಿಕ್ಕಿದ್ದವು.

```
_ _ O _ _ Y
```

ಸುಳಿವು ಇಷ್ಟೇ: ಪ್ರತಿ ಅಕ್ಷರವೂ ಎಬಿಸಿಡಿಯಲ್ಲಿ ತನ್ನ ಹಿಂದಿನ ಅಕ್ಷರದ ನಂತರ ಬರುತ್ತದೆ. "ಹಂಗಂದ್ರ?" ಎಂದಳು. FORTY ಬರೆದು ತೋರಿಸಿದೆ. F ಆದ ಮೇಲೆ O, ಆಮೇಲೆ R, T, Y. ಇಂಗ್ಲಿಷ್ ಸಂಖ್ಯೆಗಳಲ್ಲಿ ಹೀಗಿರುವುದು ಇದೊಂದೇ. ONE ನೋಡಿ ಅವಳು ನಕ್ಕಳು, ಅದು ಪೂರ್ತಿ ಉಲ್ಟಾ.

ಸುಳಿವು ಸಣ್ಣದು, ಆದರೆ ಕೆಲಸ ಜಾಸ್ತಿ ಮಾಡುತ್ತದೆ. ಮೊದಲ ಎರಡು ಮನೆಗೆ A ಯಿಂದ N ತನಕದ ಅಕ್ಷರಗಳು ಮಾತ್ರ. O ಮತ್ತು Y ನಡುವೆ P ಯಿಂದ X ತನಕ, ಅಷ್ಟೇ. ಅಲ್ಲಿರುವ ಸ್ವರ U ಒಂದೇ. ಅದನ್ನು ಅಲ್ಲಿ ಎಲ್ಲಿಟ್ಟರೂ ಪದ ಆಗುವ ಹಾಗೆ ಕಾಣಲಿಲ್ಲ. ಅಂದರೆ ಎರಡೂ ವ್ಯಂಜನ.

"GLOSSY!" ಎಂದು ಕೂಗಿದಳು. ಎದುರು ಕೂತ ಅಜ್ಜ ಬೆಚ್ಚಿ ಎದ್ದ. ನಾನೂ ಖುಷಿಯಿಂದ ಪೆನ್ನಲ್ಲೇ ಬರೆದುಬಿಟ್ಟೆ, ಮಾಡಬಾರದಿತ್ತು. ಹೊಸಪೇಟೆಯಲ್ಲಿ ಚಹಾ ಕುಡಿಯುತ್ತಾ ಸುಮ್ನೆ ಸುಳಿವು ಮತ್ತೆ ಓದಿದೆ. ಹಿಂದಿನದರ ನಂತರ ಬರಬೇಕು. S ಆದ ಮೇಲೆ ಮತ್ತೆ S ಬಂದರೆ ಅದು ನಂತರದ್ದಲ್ಲ, ಅದೇ ಅಲ್ವಾ? CHOPPY, FLOPPY, KNOTTY ಎಲ್ಲಾ ಹಾಗೇ ಹೋದವು. ಕೊನೆಯ Y ಮುಂದೆ ಜೋಡಿ ಅಕ್ಷರ ಬರುವುದು ಇಂಗ್ಲಿಷಿನಲ್ಲಿ ಮಾಮೂಲಿ. ಬಲೆ ಇದ್ದದ್ದೇ ಅಲ್ಲಿ.

ಹಾಗಾದರೆ ಎರಡು ಬೇರೆ ಬೇರೆ ವ್ಯಂಜನ ಬೇಕು. ತುಂಗಭದ್ರಾ ಸೇತುವೆ ಮೇಲೆ ಅವಳು ಹೊಳೆ ನೋಡಲಿಲ್ಲ, ಜೋಡಿ ಹಚ್ಚುತ್ತಿದ್ದಳು. S, T ಇಟ್ಟು FROSTY ಮಾಡಿದಳು. ಆದರೆ O ಮುಂದೆ R ಇರುವಂತಿಲ್ಲ. R, T ಇಟ್ಟರೆ SHORTY, ಅದು ಮೊದಲ ಅಕ್ಷರಕ್ಕೇ ಬಿತ್ತು. ಕೊನೆಗೆ P, S ಇಟ್ಟಳು.

```
_ _ O P S Y
```

ಅವಳಿಗೆ ಏನೂ ಹೊಳೆಯಲಿಲ್ಲ. ನನಗೆ ತಕ್ಷಣ ಹೊಳೆಯಿತು. ಅಪ್ಪನ ಆಸ್ಪತ್ರೆ ಫೈಲಿನಲ್ಲಿ ಎಷ್ಟು ಸಲ ಓದಿದ್ದೆನೋ ಆ ಪದ. BIOPSY. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಪರೀಕ್ಷೆ ಮಾಡಿದಳು: B, I, O, P, S, Y. ಎಲ್ಲಾ ಸರಿ. "ಹಂಗಂದ್ರೇನು ಮಾಮಾ?" ಮೈಯಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡೋದು ಎಂದೆ. ಅಷ್ಟಕ್ಕೇ ಬಿಟ್ಟೆ.

ಗಿಣಿಗೇರಾ ದಾಟಿತು. ನಿಲ್ದಾಣದ ಬೋರ್ಡು ಕಾಣುತ್ತಲೇ ಅವಳು ಕಿಟಕಿಗೆ ಅಂಟಿಕೊಂಡಳು. "ಮಾಮಾ, ಕೊಂಬು ಗಿಂಬು ಬಿಟ್ಟು ಓದು. ಕ, ಪ, ಪ, ಳ. ನಮ್ಮೂರೂ ವರ್ಣಮಾಲೆ ಪ್ರಕಾರ ಐತಿ!"

"ಪ ಎರಡು ಸಲ ಬಂತಲ್ಲವ್ವ."

"ಊರಿಗೆ ನಡೀತೈತಿ ಬಿಡು," ಎಂದು ಚೀಲ ಎತ್ತಿಕೊಂಡಳು.