ಹುಳಿಗೆ 2 ಅಂಕ ಬಿದ್ದ ದಿನಗಳು

ಕಲಬುರಗಿಯ ಒಂದು ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಚಹಾ ಕುಡಿದೇ ಬೆಳೆದವನು ನಾನು. ಸೇರಿದ ಹೊಸದರಲ್ಲಿ ಕಾಫಿಯ ಹುಳಿ ಯಾವುದು, ಕಹಿ ಯಾವುದು ಅಂತ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಗ್ಗೆ ಮನೆಯಲ್ಲಿ ಒಂದೇ ಲೋಟ ಕಾಫಿ ಸೋಸಿ, ನೋಟ್‌ಬುಕ್ಕಿನಲ್ಲಿ ಅಂಕ ಹಾಕಲು ಶುರು ಮಾಡಿದೆ.

15 ಗ್ರಾಂ ಪುಡಿ, 240 ಗ್ರಾಂ ನೀರು, ಪೇಪರ್ ಫಿಲ್ಟರ್. ಹಾಲು, ಸಕ್ಕರೆ ಇಲ್ಲ. ಹುಳಿ, ಸಿಹಿ, ಕಹಿ, ಗಟ್ಟಿತನ, ಒಂದೊಂದಕ್ಕೂ 5ರೊಳಗೆ ಅಂಕ. ಬಿಸಿ ಇದ್ದಾಗ ಒಮ್ಮೆ, ಉಗುರುಬೆಚ್ಚಗಾದ ಮೇಲೆ ಇನ್ನೊಮ್ಮೆ ಬರೆಯುತ್ತೇನೆ. ಬಾಯಿ ಸುಡುವಾಗ ಹುಳಿ ಸರಿಯಾಗಿ ಸಿಗುವುದೇ ಇಲ್ಲ. ಅಂಕ ಹಾಕುವ ತನಕ ಹಿಂದಿನ ಪುಟ ತಿರುವುವುದಿಲ್ಲ. ನಿನ್ನೆಯ ಅಂಕ ಕಂಡರೆ ಇವತ್ತಿನದೂ ಅದರ ಕಡೆಗೇ ವಾಲುತ್ತದೆ.

ಒಮ್ಮೆ ಚಿಕ್ಕಮಗಳೂರಿನ ಅರೇಬಿಕಾ ಬೀಜ ತಂದಿದ್ದೆ. ಅಂಗಡಿಯಲ್ಲಿ ಮಾಡಿದಾಗ ಕಿತ್ತಳೆಯಂಥ ಹುಳಿ, ಮನೆಯಲ್ಲಿ ಮಾಡಿದರೆ ಬರೀ ಸಪ್ಪೆ. ಪುಡಿ ಸಣ್ಣ ಮಾಡಿದೆ, ನೀರು ಇನ್ನೂ ಬಿಸಿ ಹಾಕಿದೆ. ಕಹಿ ಏರಿತು, ಹುಳಿ ಹೆಚ್ಚಿನ ದಿನ 2 ದಾಟಲಿಲ್ಲ. ಮೂರು ವಾರದ ಪುಟಗಳನ್ನು ಒಟ್ಟಿಗೆ ನೋಡಿದಾಗ ಎರಡೇ ದಿನ 4 ಇತ್ತು. ಆ ಎರಡೂ ದಿನದ ಪಕ್ಕ ‘ಕರೆಂಟ್ ಇಲ್ಲ, ಕ್ಯಾನ್ ನೀರು’ ಅಂತ ಬರೆದಿದ್ದೆ. ಉಳಿದ ದಿನ ಎಲ್ಲಾ ಬೋರ್ ನೀರು.

ಮರುದಿನ ಅವ್ವನ ಕೈಲಿ ಪರೀಕ್ಷೆ ಮಾಡಿಸಿದೆ. ಮೂರು ಲೋಟ, ಎರಡರಲ್ಲಿ ಬೋರ್ ನೀರಿನ ಕಾಫಿ, ಒಂದರಲ್ಲಿ ಕ್ಯಾನ್ ನೀರಿನದು. ಗುರುತು ಲೋಟದ ತಳಕ್ಕೆ. ಬೇರೆಯದು ಯಾವುದು ಅಂತ ನಾನು ಹೇಳಬೇಕು. ಒಂದು ಸಲ ಸರಿ ಹೇಳಿದರೆ ಅದೃಷ್ಟವೂ ಇರಬಹುದು, ಮೂರರಲ್ಲಿ ಒಂದು ಪಾಲು ಅವಕಾಶ ಹೇಗೂ ಇದೆ. ಅದಕ್ಕೇ ನಾಲ್ಕು ಬೆಳಗ್ಗೆ ಮಾಡಿದೆವು, ನಾಲ್ಕೂ ಸರಿ ಬಂತು. ಕೊನೆಯ ದಿನ ಅವ್ವನೂ ಒಂದೊಂದು ಗುಟುಕು ಕುಡಿದು, “ಇದು ಸಪ್ಪಗದ, ನಮ್ಮ ಬೋರಿನ ನೀರೇ ಇದು” ಅಂದಳು.

ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಆಮ್ಲವನ್ನು ಅಡಗಿಸುತ್ತದೆ. ನಮ್ಮ ಕೆಟಲ್ ತಳದಲ್ಲಿ ಕೂರುವ ಬಿಳಿ ಪದರ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನೀರು ಕುದಿಸಿದರೆ ಬೈಕಾರ್ಬೊನೇಟ್ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಸಾಫ್ಟ್‌ನರ್ ಹಾಕಿದರೂ ಕೆಲಸವಾಗದು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಬೈಕಾರ್ಬೊನೇಟ್ ಹಾಗೇ ಉಳಿಯುತ್ತದೆ. ಈಗ ಮೂರು ಪಾಲು ಕ್ಯಾನ್ ನೀರಿಗೆ ಒಂದು ಪಾಲು ಬೋರ್ ನೀರು ಬೆರೆಸುತ್ತೇನೆ. ಬರೀ ಕ್ಯಾನ್ ನೀರಿನಲ್ಲಿ ಹುಳಿ ಚುಚ್ಚುತ್ತಿತ್ತು. ಈ ಲೆಕ್ಕ ನಮ್ಮ ಬೋರಿಗೆ ಮಾತ್ರ, ಪಕ್ಕದ ಓಣಿಯಲ್ಲೇ ಬೇರೆ ಇರಬಹುದು.

ಕೆಲವು ತಿಂಗಳ ಮೇಲೆ ಅಂಗಡಿಯಲ್ಲೂ ಅದೇ ಸಪ್ಪೆ ಬಂತು. ಬೀಜ ಹಳೆಯದು, ವಾಪಸ್ ಕಳಿಸೋಣ ಅಂದರು ಮಾಲೀಕರು. ಅದೇ ಬೀಜಕ್ಕೆ ಆ ಬೆಳಗ್ಗೆ ಮನೆಯಲ್ಲಿ ಹುಳಿಗೆ 4 ಹಾಕಿದ್ದೆ. ನೋಟ್‌ಬುಕ್ ತೋರಿಸಿ, “ಅಣ್ಣಾ, ಮೊದಲು ನೀರಿನ ಫಿಲ್ಟರ್ ನೋಡ್ರಿ” ಅಂದೆ. ಆರ್‌ಒ ಮೆಂಬ್ರೇನ್ ಬದಲಿಸುವ ದಿನ ಎಂದೋ ಮುಗಿದಿತ್ತು.