ಒಂದೇ ಸಂಬಳ, ಎರಡು ಲೆಕ್ಕ

"ರಿಟೈರ್ ಆದ ಮೇಲೆ ಕೊನೆಯ ಸಂಬಳದ 70 ಪರ್ಸೆಂಟ್ ಬಂದರೆ ಸಾಕಲ್ವಾ?"

ಕೆಲವರಿಗೆ ಸಾಕು, ಕೆಲವರಿಗೆ ಸಾಲದು. ಆ ಸಂಬಳದಲ್ಲಿ ನಿಜವಾಗಿ ಮನೆಗೆ ಖರ್ಚಾಗುತ್ತಿದ್ದದ್ದು ಎಷ್ಟು ಅಂತ ಮೊದಲು ನೋಡಬೇಕು.

ಒಂದು ಉದಾಹರಣೆ ಹಾಕಿಕೊಳ್ಳೋಣ. ಅಂಕೋಲಾದಿಂದ ಕಾರವಾರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಖಾಸಗಿ ಕಂಪನಿಯ ನೌಕರ, ಒಟ್ಟು ಸಂಬಳ 60,000. ಅದರಲ್ಲಿ ಪಿಎಫ್‌ಗೆ 4,800, ಮನೆ ಸಾಲದ ಕಂತು 13,000, ಆರ್‌ಡಿಗೆ 5,000, ಬಸ್ಸು, ಚಹಾ-ತಿಂಡಿ ಅಂತ 3,200. ಈ 26,000 ನಿವೃತ್ತಿಯ ದಿನ ನಿಂತುಹೋಗುತ್ತದೆ, ಕಂತೂ ಅಷ್ಟರೊಳಗೆ ಮುಗಿದಿದ್ದರೆ ಮಾತ್ರ. ಉಳಿದ 34,000ದಲ್ಲೇ ಸಂಸಾರ ನಡೆಯುತ್ತಿತ್ತು. ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆ ಹೋಗುತ್ತದಲ್ಲ, ಪ್ರೀಮಿಯಮ್ಮು, ಮಾತ್ರೆ, ಮತ್ತೆ ದೊಡ್ಡ ಕಾಯಿಲೆ ಅಂದರೆ ನಮ್ಮ ಕಡೆಯವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು, ಆ ಓಡಾಟಕ್ಕೂ ಸೇರಿಸಿ 4,000 ಇಡಿ. ಬೇಕಾದದ್ದು 38,000. ಅಂದರೆ 63 ಪರ್ಸೆಂಟ್.

ಪಕ್ಕದ ಮೇಜಿನವರಿಗೂ ಅಷ್ಟೇ ಸಂಬಳ. ಅವರ ಸಾಲ ಹತ್ತು ವರ್ಷದ ಹಿಂದೆಯೇ ತೀರಿದೆ, ಆ 13,000 ನಿಧಾನಕ್ಕೆ ಕಾರು, ಪ್ರವಾಸ, ಹೋಟೆಲಿಗೆ ಹೋಗಿ ಅದೇ ಅಭ್ಯಾಸವಾಗಿದೆ. ಅವರಿಗೆ 51,000 ಬೇಕು, 85 ಪರ್ಸೆಂಟ್. ನನಗೆ ಚಿಂತೆಯಾಗುವುದು ಇವರದ್ದೇ, ಸಾಲ ಇದ್ದವರದ್ದಲ್ಲ.

ಈಗ ಬರುವ ದುಡ್ಡು. ಖಾಸಗಿ ನೌಕರರಿಗೆ ಪಿಎಫ್ ಜೊತೆಗೇ ಸಿಗುವ ಇಪಿಎಸ್ ಪೆನ್ಶನ್ ಲೆಕ್ಕ ಹಾಕುವಾಗ ಸಾಮಾನ್ಯವಾಗಿ 15,000ಕ್ಕಿಂತ ಜಾಸ್ತಿ ಸಂಬಳ ಹಿಡಿಯುವುದಿಲ್ಲ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಹಾಗಾಗಿ ಮೂವತ್ತು ವರ್ಷ ದುಡಿದರೂ ತಿಂಗಳಿಗೆ ಏಳು ಸಾವಿರ ದಾಟುವುದಿಲ್ಲ. ಮೊದಲನೆಯವರಿಗೇ ಇನ್ನೂ 31,000 ಪಿಎಫ್, ಆರ್‌ಡಿ, ಬಾಡಿಗೆ ಇಂಥದ್ದರಿಂದ ಹುಟ್ಟಬೇಕು. ಶಿರಸಿ ಕಡೆಯವರು "ತೋಟ ಇದೆಯಲ್ಲ" ಅನ್ನುತ್ತಾರೆ. ಇರಲಿ, ಆದರೆ ಕೊಳೆ ರೋಗ ಬಂದ ವರ್ಷದ ಫಸಲನ್ನು ಲೆಕ್ಕಕ್ಕೆ ಹಿಡಿಯಿರಿ, ಒಳ್ಳೆ ರೇಟು ಸಿಕ್ಕ ವರ್ಷದ್ದನ್ನಲ್ಲ.

ಇನ್ನೊಂದು, ಈ ಪರ್ಸೆಂಟ್ ನಿವೃತ್ತಿಯ ಮೊದಲ ವರ್ಷಕ್ಕೆ ಮಾತ್ರ. ಬೆಲೆ ವರ್ಷಕ್ಕೆ ಆರು ಪರ್ಸೆಂಟ್ ಏರಿದರೆ ಹನ್ನೆರಡು ವರ್ಷಕ್ಕೆ 38,000ದ ಖರ್ಚು 76,000 ಆಗುತ್ತದೆ. ಹಳೆ ಪೆನ್ಶನ್ ಇರುವ ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಏರುತ್ತಾ ಬರುತ್ತದೆ, ಇಪಿಎಸ್‌ಗೆ ತುಟ್ಟಿಭತ್ಯೆಯೇ ಇಲ್ಲ. ಅದಕ್ಕೇ ಮೊದಲ ವರ್ಷಗಳಲ್ಲಿ ಬಡ್ಡಿ ಬಂದಷ್ಟನ್ನೂ ತೆಗೆದು ಖರ್ಚು ಮಾಡಬೇಡಿ, ಒಂದಿಷ್ಟು ಅಸಲಿಗೇ ಸೇರಿಸುತ್ತಾ ಹೋಗಿ.