35 ಅಂದೆ, 44 ಆಯಿತು

ಬ್ಯಾಂಕಿನ ಕಾರ್ಡ್ ಡೆಸ್ಕ್‌ನಲ್ಲಿ ನಮ್ಮ ಟೀಮಿಗೆ ಒಂದು ಎಕ್ಸೆಲ್ ಶೀಟ್ ಕೊಟ್ಟಿದ್ದಾರೆ. ಬಾಕಿ ಹಾಕಿ, ತಿಂಗಳ ಕಂತು ಹಾಕಿ, ಎಷ್ಟು ತಿಂಗಳಲ್ಲಿ ತೀರುತ್ತೆ ಅಂತ ಓದಿ ಹೇಳಿ, ಅಷ್ಟೇ. ಕಾಲ್ ಬೇಗ ಮುಗಿಸಬೇಕಲ್ಲ!

ಒಬ್ಬರು ಫೋನ್ ಮಾಡಿದ್ದರು. 80,000 ಬಾಕಿ, ತಿಂಗಳಿಗೆ 4,000 ಕಟ್ತೀನಿ ಅಂದರು. ಬಡ್ಡಿ ತಿಂಗಳಿಗೆ ಶೇ. 3.5. ಶೀಟ್ 35 ಅಂತು, ನಾನೂ 35 ಅಂದೆ.

"ಮೇಡಂ, ಸ್ಟೇಟ್‌ಮೆಂಟಲ್ಲಿ ಬಡ್ಡಿ 2,800 ಇದೆ. ಕೆಳಗೆ ಜಿಎಸ್‌ಟಿ ಅಂತ ಇನ್ನೊಂದು 504 ಇದೆಯಲ್ಲ, ಅದನ್ನ ಸೇರಿಸಿದ್ರಾ?"

ಬಡ್ಡಿ ಮನ್ನಾ ಮಾಡಿಸೋಕೆ ಪೀಠಿಕೆ ಹಾಕ್ತಿದ್ದಾರೆ ಅಂದುಕೊಂಡೆ. ಹೋಲ್ಡ್‌ಗೆ ಹಾಕಿ ಶೀಟ್ ತೆರೆದು ನೋಡಿದರೆ, ದರದ ಸೆಲ್‌ನಲ್ಲಿ ಬರೀ 0.035. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿಸಿದರೆ ನಿಜವಾದ ದರ ಶೇ. 4.13. ಪಕ್ಕದ ಸೆಲ್‌ನಲ್ಲಿ ಎಷ್ಟು ಕಂತು ಬೇಕು ಅಂತ ಹೇಳೋ NPER ಸೂತ್ರ ಬರೆದೆ:

```
=NPER(0.0413,4000,80000)
```

-14.9 ಬಂತು. ಮೈನಸ್ ಬಿಟ್ಟು 15 ಅಂತ ಓದೋಣ ಅನ್ನಿಸಿಬಿಡುತ್ತೆ. ಆದರೆ ಬಡ್ಡಿನೇ ಇಲ್ಲದಿದ್ದರೂ 80,000ಕ್ಕೆ 4,000ದಂತೆ 20 ತಿಂಗಳು ಬೇಕು. ಅದಕ್ಕಿಂತ ಕಮ್ಮಿ ಬಂತು ಅಂದರೆ ಲೆಕ್ಕ ಕೆಟ್ಟಿದೆ ಅಂತಲೇ ಅರ್ಥ. ಕಟ್ಟೋ ದುಡ್ಡಿಗೆ ಮೈನಸ್ ಹಾಕಬೇಕಿತ್ತು:

```
=NPER(0.0413,-4000,80000)
```

43.2. ಅಂದರೆ 44 ಕಂತು, ಕೊನೆಯದು ಚಿಕ್ಕದು. ಒಟ್ಟು ಕಟ್ಟೋದು ಸುಮಾರು 1,73,000.

ನಾನೇ ಒಂದು ಕ್ಷಣ ನಂಬಲಿಲ್ಲ. ಜಿಎಸ್‌ಟಿ ಬಡ್ಡಿಗೆ ಸೇರಿಸಿದ್ದು ತಿಂಗಳಿಗೆ ಮುಕ್ಕಾಲು ಪರ್ಸೆಂಟ್ ಕೂಡ ಇಲ್ಲ, ಅದಕ್ಕೆ ಒಂಬತ್ತು ತಿಂಗಳು ಜಾಸ್ತಿಯಾ? ಮೊದಲ ಕಂತನ್ನೇ ಬಿಡಿಸಿ ನೋಡಿದೆ. 4,000ದಲ್ಲಿ 504 ತೆರಿಗೆಗೆ, 2,800 ಬಡ್ಡಿಗೆ ಹೋಯಿತು. ಅಸಲಿಗೆ ಉಳಿದದ್ದು 696. ತೆರಿಗೆ ಇಲ್ಲದಿದ್ದರೆ 1,200 ಉಳಿಯುತ್ತಿತ್ತು. ಅಸಲಿಗೆ ಹೋಗೋ ಪಾಲು ಹತ್ತಿರ ಹತ್ತಿರ ಅರ್ಧ ಆಗಿದೆ. ಇವರು 3,300 ಕಟ್ಟಿದ್ದರೆ ಬಡ್ಡಿ, ತೆರಿಗೆಗೇ ಸಾಲುತ್ತಿರಲಿಲ್ಲ. ಆಗ ಇದೇ ಸೂತ್ರ #NUM! ತೋರಿಸುತ್ತೆ. ಎಕ್ಸೆಲ್ ಕೆಟ್ಟಿಲ್ಲ, ಆ ಸಾಲ ತೀರೋದೇ ಇಲ್ಲ.

ಹೋಲ್ಡ್ ತೆಗೆದು 44 ಅಂದಾಗ ಅವರು ಕೂಗಾಡಲಿಲ್ಲ. "6,000 ಕಟ್ಟಿದ್ರೆ?" ಅಂದರು. 19.8 ಬಂತು, ಅಂದರೆ 20 ತಿಂಗಳು. 2,000 ಜಾಸ್ತಿ ಕಟ್ಟಿದ್ದಕ್ಕೆ 24 ತಿಂಗಳು ಉಳಿತು, ಸುಮಾರು 54,000 ರೂಪಾಯಿಯೂ ಉಳಿತು.

ಶೀಟ್ ತಿದ್ದಿ ಅಂತ ಮೇಲಿನವರಿಗೆ ಮೇಲ್ ಹಾಕಿದೆ. "ಇದು ಇಂಡಿಕೇಟಿವ್ ಮಾತ್ರ" ಅಂತ ಉತ್ತರ. ಸರಿ, ಕಸ್ಟಮರ್ ಬೈಯೋದು ಇಂಡಿಕೇಟಿವ್ ಆಗಿರಲ್ವಲ್ಲ. ಈಗ ನನ್ನ ಕಾಪಿಯಲ್ಲಿ 0.0413 ಹಾಕಿಕೊಂಡಿದ್ದೇನೆ.

ಫೋನ್ ಇಡೋ ಮೊದಲು ಅವರು ಇನ್ನೊಂದು ಕೇಳಿದ್ದರು, ಪೆಟ್ರೋಲ್‌ಗೆ ಇದೇ ಕಾರ್ಡ್ ಉಜ್ಜಬಹುದಾ ಅಂತ. ಬೇಡ ಸಾರ್ ಅಂದೆ. ಹಳೇ ಬಾಕಿ ಪೂರ್ತಿ ಕಟ್ಟದೆ ಉಳಿಸಿಕೊಂಡಾಗ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನಗಳು ಸಿಗಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತೆ. ಹಾಗಾದರೆ ಆ 20 ತಿಂಗಳ ಲೆಕ್ಕ ಅವತ್ತಿಗೇ ಸುಳ್ಳು.